ಬೆಲ್ಟ್ ಬಿಗಿ ಮಾಡಿದಷ್ಟೂ ತೊಡೆ ಜೋಮು ಹಿಡಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನ ಎತ್ತರ 168 ಸೆಂ.ಮೀ. ತಿಂಗಳಿಗೆ ಎರಡು ಸಲ ಮನೆಯವರೆಲ್ಲ ಒಂದು ದಿನದ ಟ್ರೆಕ್ ಹೋಗುತ್ತೇವೆ. ಮಕ್ಕಳ ನೀರು, ಜಾಕೆಟ್ ಎಲ್ಲ ನನ್ನ ಬ್ಯಾಗಿನಲ್ಲೇ ಇರುತ್ತೆ, ಸುಮಾರು 7 ಕೆ.ಜಿ. ದೊಡ್ಡ ಬ್ಯಾಗಾದರೆ ಆರಾಮ ಅಂತ 40 ಲೀಟರಿನದು ತಗೊಂಡೆ. ಎತ್ತರ ನೋಡಿ ಅಂಗಡಿಯವರು ಮೀಡಿಯಂ-ಲಾರ್ಜ್ ಸೈಜ್ ಕೊಟ್ಟರು. ಎರಡು ಗಂಟೆ ನಡೆದರೆ ಹೆಗಲು ಉರಿಯುತ್ತೆ, ಬೆರಳು ಜುಮ್ ಅನ್ನುತ್ತೆ. ಸೊಂಟದ ಬೆಲ್ಟ್ ಬಿಗಿ ಮಾಡು ಅಂದರು. ಮಾಡಿದರೆ ಜಾರಿ ಕೆಳಗೆ ಬರುತ್ತೆ, ಬಲ ತೊಡೆಯ ಹೊರಭಾಗ ಮರಗಟ್ಟುತ್ತೆ. ಮನೆಯಲ್ಲಿ ಬೆನ್ನು ಅಳೆಸಿದಾಗ 42 ಸೆಂ.ಮೀ. ಬಂತು. ಬ್ಯಾಗಿನ ಚೀಟಿಯಲ್ಲಿ 44–50 ಅಂತಿದೆ. ಬೆಲ್ಟ್ ಸರಿಯಿಲ್ಲವಾ, ಬ್ಯಾಗ್ ದೊಡ್ಡದಾಯಿತಾ, ಅಥವಾ ನನ್ನ ಸೊಂಟವೇ ಹೀಗಾ?

ಉತ್ತರ: ನಿಮ್ಮ ಸೊಂಟದಲ್ಲಿ ಏನೂ ತೊಂದರೆ ಇಲ್ಲ. ಬೆಲ್ಟೂ ಚೆನ್ನಾಗಿಯೇ ಇರಬಹುದು. ಅದು ಕೂತಿರುವ ಜಾಗ ತಪ್ಪಿದೆ, ಅಷ್ಟೇ. ನೀವು ಬೆನ್ನು ಅಳೆಸಿದ್ದು ಬಹಳ ಒಳ್ಳೆಯದಾಯಿತು, ಉತ್ತರದ ಮುಕ್ಕಾಲು ಪಾಲು ಆ 42ರಲ್ಲೇ ಇದೆ.

ಮೊದಲು ಒಂದು ಕೆಲಸ ಮಾಡಿ. ಎದ್ದು ನಿಂತು, ಎರಡೂ ಕೈಗಳನ್ನು ಸೊಂಟದ ಮೇಲಿಡಿ, ಹೆಬ್ಬೆರಳು ಬೆನ್ನಿನ ಕಡೆಗಿರಲಿ. ಬದಿಯಲ್ಲಿ ಗಟ್ಟಿಯಾದ ಒಂದು ಅಂಚು ಕೈಗೆ ಸಿಗುತ್ತದೆ. ಅದು ಸೊಂಟದ ಮೂಳೆಯ ಮೇಲಂಚು. ಭಾರ ಕೂರಬೇಕಾದ್ದು ಅದರ ಮೇಲೆ. ಅದೇ ಅಂಚನ್ನು ಹಿಡಿದು ಬೆರಳನ್ನು ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಜಾರಿಸುತ್ತಾ ಬನ್ನಿ. ಹೊಟ್ಟೆಯ ಎರಡೂ ಬದಿಗೆ ಒಂದೊಂದು ಉಬ್ಬು ಸಿಗುತ್ತದೆ, ತೆಳ್ಳಗಿರುವವರಿಗೆ ಕಣ್ಣಿಗೇ ಕಾಣುತ್ತದೆ. ತೊಡೆಯ ಹೊರಭಾಗದ ಚರ್ಮಕ್ಕೆ ಹೋಗುವ ನರ ಆ ಉಬ್ಬಿನ ಪಕ್ಕದಲ್ಲೇ ಹಾದುಹೋಗುತ್ತದೆ. ಬಿಗಿ ಬೆಲ್ಟ್ ಅದನ್ನು ಒತ್ತಿದರೆ ತೊಡೆ ಮರಗಟ್ಟುತ್ತದೆ. ನಿಮಗೆ ಆಗುತ್ತಿರುವುದು ಹೆಚ್ಚು ಕಡಿಮೆ ಇದೇ.

ಬೆಲ್ಟ್ ಅಲ್ಲಿಗೆ ಯಾಕೆ ಹೋಯಿತು? ಬ್ಯಾಗಿನ ಬೆನ್ನು ನಿಮ್ಮ ಬೆನ್ನಿಗಿಂತ ಉದ್ದ ಇದೆ. ಬೆನ್ನಿನ ಉದ್ದ ಅಂದರೆ, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟಿನಿಂದ ಎರಡು ಹೆಬ್ಬೆರಳುಗಳ ನಡುವಿನ ಗೆರೆವರೆಗಿನ ಅಳತೆ. ಬೆನ್ನು ನೇರ ಇರುವುದಿಲ್ಲವಲ್ಲ, ಟೇಪನ್ನು ಅದರ ಬಾಗಿಗೆ ತಾಗಿಸಿಕೊಂಡೇ ಹಿಡಿಯಬೇಕು. ಎತ್ತರಕ್ಕೂ ಈ ಅಳತೆಗೂ ಅಂಥ ನೆಂಟಸ್ತಿಕೆ ಇಲ್ಲ. 168 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ನಿಮ್ಮದು ಉದ್ದ ಕಾಲಿನ ಮೈಕಟ್ಟು.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ನನಗಿಂತ ಎತ್ತರದ ಹುಡುಗನೊಬ್ಬನಿಗೆ ಅಳೆಯದೆ ಲಾರ್ಜ್ ಕೊಟ್ಟೆ. ಮುಂದಿನ ವಾರ ಎರಡೂ ಸೊಂಟದ ಮೇಲೆ ನೀಲಿ ಕಲೆ ಮಾಡಿಕೊಂಡು ವಾಪಸ್ ಬಂದ. ಅಳೆದರೆ ಅವನ ಬೆನ್ನು ನನ್ನದಕ್ಕಿಂತ ಗಿಡ್ಡ! ಅವತ್ತಿನಿಂದ ಟೇಪ್ ಇಲ್ಲದೆ ಯಾರಿಗೂ ಸೈಜ್ ಹೇಳುವುದಿಲ್ಲ.

ಈಗ ನಿಮ್ಮ ಲೆಕ್ಕ ನೋಡೋಣ. ಚೀಟಿಯಲ್ಲಿ 44–50 ಅಂತ ಇದೆ ಅಂದರೆ ಹೆಗಲ ಪಟ್ಟಿ ಮೇಲೆ ಕೆಳಗೆ ಸರಿಯುವಂಥ ಬ್ಯಾಗಿರುವ ಸಾಧ್ಯತೆ ಜಾಸ್ತಿ. ನೀವು ಅದನ್ನು ಮುಟ್ಟಿದಂತೆ ಕಾಣುವುದಿಲ್ಲ. ಈಗ ಅದು 48ರಲ್ಲಿದೆ ಅಂದುಕೊಳ್ಳಿ. ಹೆಗಲ ಪಟ್ಟಿ ಹೆಗಲಿಗೆ ಸರಿಯಾಗಿ ಕೂತರೆ ಬೆಲ್ಟ್ 6 ಸೆಂ.ಮೀ. ಕೆಳಗೆ ಬರುತ್ತದೆ. ಮೆತ್ತೆ ಇರುವ ಬೆಲ್ಟಿನ ಅಗಲ ಸುಮಾರು 9 ಸೆಂ.ಮೀ. ಇದ್ದರೆ, ಅದರಲ್ಲಿ ಅರ್ಧ, ಅಂದರೆ ನಾಲ್ಕೂವರೆ, ಮೂಳೆಯ ಅಂಚಿನ ಮೇಲಿರಬೇಕು, ಇನ್ನರ್ಧ ಕೆಳಗೆ. 6 ಸೆಂ.ಮೀ. ಇಳಿದ ಬೆಲ್ಟ್ ಇಡಿಯಾಗಿ ಅಂಚಿನ ಕೆಳಗೇ ಇರುತ್ತದೆ. ಕೂರಲು ಏನೂ ಸಿಗದ ಜಾಗ ಅದು. ಹೆಜ್ಜೆ ಹಾಕಿದಾಗೆಲ್ಲ ಕೀಲಿನ ಜೊತೆ ಅಲುಗುತ್ತದೆ, ಜಾರುತ್ತದೆ. ಜಾರುತ್ತದೆ ಅಂತ ಇನ್ನೂ ಬಿಗಿ ಮಾಡುತ್ತೀರಿ. ಬಿಗಿ ಮಾಡಿದ್ದೆಲ್ಲ ಮುಂದಿನ ಆ ಉಬ್ಬುಗಳ ಮೇಲೆ ಬೀಳುತ್ತದೆ. ಭಾರ ಮಾತ್ರ ಹೆಗಲಲ್ಲೇ ಉಳಿಯುತ್ತದೆ. ಹೆಗಲ ಪಟ್ಟಿ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳನ್ನು ಅದುಮುತ್ತಾ ಇರುವುದರಿಂದ ಬೆರಳು ಜುಮ್ ಅನ್ನುತ್ತದೆ. ಹೆಗಲು, ಬೆರಳು, ತೊಡೆ ಮೂರು ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ ತಪ್ಪು ಮೂರು ಕಡೆ ಕಾಣಿಸಿಕೊಂಡಿದೆ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಬ್ಯಾಗಿನ ಬೆನ್ನಿನ ಮೆತ್ತೆಯ ಹಿಂದೆ ಕೈ ಹಾಕಿ ನೋಡಿ. ಹೆಗಲ ಪಟ್ಟಿಗಳೆರಡೂ ಸೇರುವ ಜಾಗದ ಹಿಂದೆ ಅಗಲವಾದ ವೆಲ್ಕ್ರೋ ಇರಬಹುದು, ಇಲ್ಲವೇ ಏಣಿಯ ಮೆಟ್ಟಿಲಿನ ಹಾಗೆ ಸಾಲಾಗಿ ಹೊಲಿದ ಕುಣಿಕೆಗಳಿರಬಹುದು. ವೆಲ್ಕ್ರೋ ಆದರೆ ಬರಿಗೈಯಲ್ಲಿ ಬಿಡಿಸಲು ಕಷ್ಟ. ಒಂದು ಉದ್ದ ಸ್ಕೇಲನ್ನು ನಡುವೆ ತೂರಿಸಿದರೆ ಸಲೀಸಾಗಿ ಬಿಡುತ್ತದೆ. ಪಟ್ಟಿಯನ್ನು ಪೂರ್ತಿ ಕೆಳಕ್ಕೆ, 44ಕ್ಕೆ ಇಳಿಸಿ ಚೆನ್ನಾಗಿ ಅಂಟಿಸಿ. ಆಗಲೂ 2 ಸೆಂ.ಮೀ. ಉದ್ದವೇ. ಆದರೆ 6ಕ್ಕೂ 2ಕ್ಕೂ ಬಹಳ ವ್ಯತ್ಯಾಸ. 2 ಸೆಂ.ಮೀ. ಇಳಿದ ಬೆಲ್ಟಿನ ಮೇಲಿನ ಭಾಗ ಮೂಳೆಯ ಅಂಚನ್ನು ಹಿಡಿದುಕೊಂಡೇ ಇರುತ್ತದೆ. ಹೇಳಿ ಮಾಡಿಸಿದ ಹಾಗಿರುವುದಿಲ್ಲ, ಆದರೆ 7 ಕೆ.ಜಿ.ಗೆ ನಡೆಯುತ್ತದೆ. ಪಟ್ಟಿ ಸರಿಯುವುದೇ ಇಲ್ಲ, ಹೊಲಿದುಬಿಟ್ಟಿದ್ದಾರೆ ಅಂತಾದರೆ ಆ ಬ್ಯಾಗ್ ನಿಮಗೆ ಆಗಿಬರುವುದಿಲ್ಲ.

ಇನ್ನು ಬೆಲ್ಟಿನ ಸುತ್ತಳತೆ. ಪ್ಯಾಂಟಿನ ಸೈಜ್ ನೋಡಿ ಬೆಲ್ಟ್ ತಗೋಬೇಡಿ. ಪ್ಯಾಂಟು ಕೂರುವ ಜಾಗ ಬೇರೆ, ಬೆಲ್ಟ್ ಕೂರುವ ಜಾಗ ಬೇರೆ. ಈಗ ಕೈಗೆ ಸಿಕ್ಕಿದ ಆ ಅಂಚಿನ ಮೇಲೆಯೇ ಟೇಪ್ ಸುತ್ತಿ ಅಳೆಯಿರಿ. ಬೆಲ್ಟ್ ಹಾಕಿ ಪೂರ್ತಿ ಬಿಗಿ ಮಾಡಿದಾಗ ಮೆತ್ತೆಗಳು ಬದಿಯನ್ನು ಸುತ್ತಿ, ಮುಂದಿನ ಉಬ್ಬುಗಳನ್ನು ದಾಟಿ ಬರಬೇಕು. ಆದರೂ ಎರಡು ಮೆತ್ತೆಗಳ ನಡುವೆ, ಬಕಲ್ ಇರುವಲ್ಲಿ, ನಾಲ್ಕೈದು ಬೆರಳಿನಷ್ಟು ಜಾಗ ಉಳಿದಿರಬೇಕು. ಮೆತ್ತೆಗೆ ಮೆತ್ತೆ ತಾಗಿಬಿಟ್ಟರೆ ಬೆಲ್ಟ್ ದೊಡ್ಡದು ಅಂತ ಅರ್ಥ, ಇನ್ನು ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಮೆತ್ತೆ ಉಬ್ಬಿನವರೆಗೂ ಬರದೆ ಬರೀ ದಾರದ ಪಟ್ಟಿ ಅದರ ಮೇಲೆ ಹಾದರೆ ಬೆಲ್ಟ್ ಚಿಕ್ಕದು. ತೊಡೆ ಮರಗಟ್ಟುವವರಲ್ಲಿ ಈ ಎರಡನೆಯದನ್ನೂ ನಾನು ಸಾಕಷ್ಟು ಸಲ ನೋಡಿದ್ದೇನೆ. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

ಜಾರುವುದಕ್ಕೆ ಇನ್ನೊಂದು ಕಾರಣ ಆಕಾರ. ಹೆಚ್ಚಿನ ಹೆಂಗಸರ ಸೊಂಟ ಮೇಲೆ ಕಿರಿದು, ಕೆಳಗೆ ಅಗಲ. ನೇರವಾಗಿ ಸುತ್ತುವ ಬೆಲ್ಟಿನ ಕೆಳ ಅಂಚು ಮಾತ್ರ ಮೈಗೆ ತಾಗುತ್ತದೆ, ಮೇಲಂಚು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಬೆಲ್ಟ್ ಹಾಕಿಕೊಂಡು ಮೇಲಂಚಿನ ಒಳಗೆ ಬೆರಳು ತೂರಿಸಿ ನೋಡಿ, ಸಲೀಸಾಗಿ ಎರಡು ಬೆರಳು ಹೋದರೆ ಕೋನ ಹೊಂದುತ್ತಿಲ್ಲ. ಹೆಂಗಸರಿಗೆ ಅಂತಲೇ ಮಾಡುವ ಬ್ಯಾಗುಗಳಲ್ಲಿ ಬೆಲ್ಟನ್ನು ಓರೆಯಾಗಿ ಹೊಲಿದಿರುತ್ತಾರೆ. ಬಣ್ಣ ಬದಲಾಯಿಸಿ ಹೆಸರಿಟ್ಟಿದ್ದಾರೆ ಅಂತ ಕೆಲವರು ನಗುತ್ತಾರೆ, ಅದು ಸರಿಯಲ್ಲ. ಹಾಗಂತ ಎಲ್ಲ ಹೆಂಗಸರಿಗೂ ಅದೇ ಆಗಬೇಕು ಅಂತಲೂ ಇಲ್ಲ. ಪ್ಯಾಂಟಿನ ಬೆಲ್ಟ್, ಬೆವರಿನಲ್ಲಿ ಒದ್ದೆಯಾದ ನುಣುಪು ಟಿ-ಶರ್ಟ್ ಕೂಡ ಜಾರಿಸುತ್ತವೆ. ಟ್ರೆಕ್ ದಿನ ಎಲಾಸ್ಟಿಕ್ ಪ್ಯಾಂಟ್ ಹಾಕಿದರೆ ಅರ್ಧ ತಲೆನೋವು ತಪ್ಪುತ್ತದೆ.

ಬೆಲ್ಟ್ ಭಾರ ಹೊರಬೇಕಾದರೆ ಬ್ಯಾಗಿಗೊಂದು ಬೆನ್ನುಮೂಳೆ ಬೇಕು. ಇದನ್ನು ಯಾರೂ ಹೇಳುವುದಿಲ್ಲ. ಹೆಗಲಿನ ಭಾರ ಸೊಂಟಕ್ಕೆ ಇಳಿಯುವುದು ಬೆನ್ನಿನೊಳಗಿರುವ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅಲ್ಯುಮಿನಿಯಂ ಪಟ್ಟಿ ಅಥವಾ ತಂತಿಯ ಚೌಕಟ್ಟಿನ ಮೂಲಕ. ಅದಿಲ್ಲದ ಬ್ಯಾಗ್ ಬರೀ ಚೀಲ. ಬೆಲ್ಟ್ ಬಿಗಿ ಮಾಡಿ ಹೆಗಲ ಪಟ್ಟಿ ಸಡಿಲಿಸಿದರೆ ಅದು ನಡುವೆ ಕುಸಿದು ಕೂರುತ್ತದೆ, ಭಾರ ಮತ್ತೆ ಹೆಗಲಿಗೇ. ಪರೀಕ್ಷೆ ಸುಲಭ. ತುಂಬಿದ ಬ್ಯಾಗನ್ನು ನೆಲದ ಮೇಲೆ ನಿಲ್ಲಿಸಿ, ಹಿಂದಿನ ಮೇಲ್ತುದಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ. ಬೆನ್ನು ಮಡಚಿಕೊಂಡರೆ ಒಳಗೆ ಚೌಕಟ್ಟಿಲ್ಲ. ಸೊಂಟದ ಬೆಲ್ಟ್ ಅಂತ ಒಂದು ಬೆರಳಗಲದ ಬರೀ ಪಟ್ಟಿ ಇದ್ದರಂತೂ ಅದು ಭಾರ ಹೊರಲು ಇರುವುದೇ ಅಲ್ಲ, ಬ್ಯಾಗು ಆಚೀಚೆ ಓಲಾಡದಿರಲಿ ಅಂತ ಹಾಕಿರುವುದು. ನನ್ನ ಅನುಭವದಲ್ಲಿ 4 ಕೆ.ಜಿ.ವರೆಗೆ ಅಷ್ಟೇ ಸಾಕು. 6 ಕೆ.ಜಿ. ದಾಟಿದ ಮೇಲೆ ಮೆತ್ತೆಯ ಬೆಲ್ಟ್ ಮತ್ತು ಚೌಕಟ್ಟು ಎರಡೂ ಇದ್ದರೇ ಒಳ್ಳೆಯದು. ನೀವು ಆ ಗುಂಪಿಗೆ ಸೇರಿದವರು.

ಇನ್ನು ಲೀಟರ್ ವಿಷಯ. ದೊಡ್ಡ ಬ್ಯಾಗ್ ಆರಾಮ ಅನ್ನುವುದು ಪೂರ್ತಿ ಸುಳ್ಳಲ್ಲ. ದೊಡ್ಡ ಬ್ಯಾಗುಗಳಲ್ಲಿ ಚೌಕಟ್ಟು, ಬೆಲ್ಟ್ ಚೆನ್ನಾಗಿರುತ್ತವೆ, ಆರಾಮ ಬರುವುದು ಅದರಿಂದ. ಲೀಟರ್ ಒಳಗಿನ ಜಾಗವನ್ನಷ್ಟೇ ಹೇಳುತ್ತದೆ, ಎಷ್ಟು ತೂಕ ಹೊರುತ್ತದೆ ಅಂತ ಹೇಳುವುದಿಲ್ಲ. ಅರ್ಧ ಖಾಲಿ ಇರುವ ದೊಡ್ಡ ಬ್ಯಾಗಿನಲ್ಲಿ ನೀರಿನ ಬಾಟಲಿಗಳು ತಳಕ್ಕೆ, ಹೊರಮೈಗೆ ಜರುಗುತ್ತವೆ. ಒಂದು ತುಂಬಿದ ಬಾಟಲಿಯನ್ನು ಎದೆಗೆ ಅವಚಿ ಹಿಡಿಯಿರಿ, ಆಮೇಲೆ ಕೈ ಚಾಚಿ ಹಿಡಿಯಿರಿ. ತೂಕ ಅದೇ, ಆದರೆ ಕೈ ಬೇಗ ಸೋಲುತ್ತದೆ. ಬೆನ್ನಿನ ಮೇಲೂ ಹಾಗೆಯೇ. ಭಾರ ಬೆನ್ನಿನಿಂದ 10 ಸೆಂ.ಮೀ. ಬದಲು 20 ಸೆಂ.ಮೀ. ದೂರ ಹೋದರೆ ಹಿಂದಕ್ಕೆ ಜಗ್ಗುವ ಸೆಳೆತ ಎರಡರಷ್ಟಾಗುತ್ತದೆ. ಅದನ್ನು ತಡೆಯಲು ನೀವು ಮುಂದಕ್ಕೆ ಬಾಗುತ್ತೀರಿ, ಹೆಗಲ ಪಟ್ಟಿ ಇನ್ನಷ್ಟು ಒತ್ತುತ್ತದೆ. (ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿಯಾಡಲಿ ಅಂತ ಜಾಳಿಗೆ ಬಿಗಿದ ಬ್ಯಾಗುಗಳು ಬರುತ್ತವಲ್ಲ, ಅವೂ ಭಾರವನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತವೆ. ಬೆವರು ಕಡಿಮೆ, ಜಗ್ಗಾಟ ಸ್ವಲ್ಪ ಜಾಸ್ತಿ. ನನಗೆ ಬೆವರೇ ವಾಸಿ.)

ತೀರಾ ಚಿಕ್ಕದೂ ಕೆಟ್ಟದ್ದೇ. ಗಿಡಿದು ತುಂಬಿದ ಬ್ಯಾಗಿನ ಬೆನ್ನು ಪೀಪಾಯಿ ಥರ ಉಬ್ಬುತ್ತದೆ, ಬೆನ್ನಿಗೆ ತಾಗುವುದು ನಡುವಿನ ಒಂದು ಬಿಂದು ಮಾತ್ರ. ಹಿಡಿಸದ್ದನ್ನು ಹೊರಗೆ ನೇತುಹಾಕಿದರೆ ಅದು ಪ್ರತಿ ಹೆಜ್ಜೆಗೂ ತೂಗಾಡಿ ಎಳೆಯುತ್ತದೆ.

ನಿಮಗೆಷ್ಟು ಲೀಟರ್ ಬೇಕು ಅನ್ನುವುದನ್ನು ಮನೆಯಲ್ಲೇ ಕಂಡುಹಿಡಿಯಬಹುದು. 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರದ ರಟ್ಟಿನ ಪೆಟ್ಟಿಗೆ ಹುಡುಕಿ. ಅದು ಸರಿಯಾಗಿ 24 ಲೀಟರ್. ಟ್ರೆಕ್‌ಗೆ ಒಯ್ಯುವ ಎಲ್ಲವನ್ನೂ, ಬಿಸಿಲಿನಲ್ಲಿ ಮಕ್ಕಳು ಬಿಚ್ಚಿ ಕೊಡುವ ಜಾಕೆಟ್ ಸಮೇತ, ಅದುಮದೆ ತುಂಬಿ. ಮುಚ್ಚಳ ಹಾಕಲು ಬಂದರೆ 24–26 ಲೀಟರ್ ಸಾಕು. ಸ್ವಲ್ಪ ಉಳಿದರೆ 28–30. ನೀವು ಹೇಳಿದ 7 ಕೆ.ಜಿ.ಯಲ್ಲಿ ಬಹುಪಾಲು ನೀರೇ ಇರಬೇಕು, ಒಂದು ಲೀಟರ್ ನೀರಿಗೆ ಒಂದು ಕೆ.ಜಿ. ನೀರು ತೂಕ ಜಾಸ್ತಿ, ಜಾಗ ಕಡಿಮೆ. ಅದಕ್ಕೇ ನನ್ನ ಅಂದಾಜಿನಲ್ಲಿ ನಿಮಗೆ 30 ಲೀಟರ್ ಮೀರಿ ಬೇಕಾಗಲಿಕ್ಕಿಲ್ಲ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ನಾನಾದರೆ ಮೊದಲನೆಯದನ್ನೇ ಮೊದಲು ನೋಡುತ್ತೇನೆ. ಇರುವ ಬ್ಯಾಗಿನ ಪಟ್ಟಿಯನ್ನು 44ಕ್ಕೆ ಇಳಿಸಿ, ಬದಿಯ ಪಟ್ಟಿಗಳನ್ನು ಎಳೆದು ಬ್ಯಾಗನ್ನು ತೆಳ್ಳಗೆ ಮಾಡುವುದು. ತಳದಲ್ಲಿ ಜಾಕೆಟ್ಟುಗಳು, ಅವುಗಳ ಮೇಲೆ ಬೆನ್ನಿಗೆ ಅಂಟಿಕೊಂಡ ಹಾಗೆ ನೀರು, ಹೊರಗಡೆಗೆ ಹಗುರ ಸಾಮಾನು. ಇದರಲ್ಲಿರುವ ತೊಂದರೆ ಅಂದರೆ ಬಿಟ್ಟ ಜಾಗಕ್ಕೆಲ್ಲ ಇನ್ನೊಂದಿಷ್ಟು ಸಾಮಾನು ಬಂದು ಸೇರಿಕೊಳ್ಳುವುದು. ಜೊತೆಗೆ ಖಾಲಿ ಬ್ಯಾಗಿನ ತೂಕವೇ ಒಂದೂವರೆ ಕೆ.ಜಿ. ಹತ್ತಿರ ಇರಬಹುದು.

ಎರಡನೆಯದು, ಬ್ಯಾಗ್ ಬದಲಾಯಿಸುವುದು. 26–30 ಲೀಟರ್, ಚೌಕಟ್ಟು ಇರಬೇಕು, ಮೆತ್ತೆಯ ಬೆಲ್ಟ್ ಇರಬೇಕು, ಬೆನ್ನಿನ ಅಳತೆಯೊಳಗೆ 42 ಬರಬೇಕು. ಇಲ್ಲೊಂದು ತೊಡಕಿದೆ. ಒಂದು ದಿನದ ಬ್ಯಾಗುಗಳಲ್ಲಿ ಬಹಳಷ್ಟು ಒಂದೇ ಸೈಜಿನಲ್ಲಿ ಬರುತ್ತವೆ, ಬೆನ್ನಿನ ಅಳತೆಯನ್ನು ಬರೆದಿರುವುದೇ ಇಲ್ಲ. ಬರೆದಿಲ್ಲದಿದ್ದರೆ ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗದಿಂದ ಬೆಲ್ಟಿನ ನಡುಮಧ್ಯದವರೆಗೆ ನೀವೇ ಅಳೆಯಿರಿ. ಅದು ನಿಮ್ಮ 42ಕ್ಕೆ ಹತ್ತಿರ ಅಥವಾ ಸ್ವಲ್ಪ ಕಡಿಮೆ ಇರಲಿ, ಯಾಕೆಂದರೆ ಪಟ್ಟಿ ಹೆಗಲನ್ನು ಸುತ್ತಿ ಕೊಂಚ ಹಿಂದಕ್ಕಿಳಿದು ಬ್ಯಾಗನ್ನು ಸೇರಬೇಕು. ಒಬ್ಬ ತಯಾರಕರ ಸ್ಮಾಲ್ ಇನ್ನೊಬ್ಬರ ಮೀಡಿಯಂ ಆಗಿರುತ್ತದೆ, ಆದ್ದರಿಂದ ಅಕ್ಷರ ನೋಡಬೇಡಿ, ಸೆಂಟಿಮೀಟರ್ ನೋಡಿ.

ಮೂರನೆಯದು, ಭಾರವನ್ನು ಹಂಚಿ 4 ಕೆ.ಜಿ.ಗೆ ಇಳಿಸಿ ಬೆಲ್ಟೇ ಇಲ್ಲದ ಚಿಕ್ಕ ಬ್ಯಾಗ್ ಹಾಕುವುದು. ಬಹಳ ಚೆನ್ನಾಗಿರುತ್ತದೆ, ಮಕ್ಕಳು ತಮ್ಮ ನೀರನ್ನು ಕೊನೆವರೆಗೂ ತಾವೇ ಹೊತ್ತರೆ. ಹಿಂದಿರುಗುವಾಗ ಅದು ನಿಮ್ಮ ಹೆಗಲಿಗೇ ಬರುವುದಾದರೆ ಈ ದಾರಿ ಬೇಡ.

ಯಾವುದೇ ಬ್ಯಾಗನ್ನು ಖಾಲಿ ಹಾಕಿ ನೋಡಿ ಒಪ್ಪಬೇಡಿ. ಖಾಲಿ ಬ್ಯಾಗುಗಳೆಲ್ಲ ಹಿತವಾಗಿಯೇ ಇರುತ್ತವೆ. ನಿಮ್ಮದೇ 7 ಕೆ.ಜಿ. ತುಂಬಿ, ಎಲ್ಲ ಪಟ್ಟಿಗಳನ್ನೂ ಸಡಿಲ ಬಿಟ್ಟು ಬೆನ್ನಿಗೇರಿಸಿ. ಹೆಗಲನ್ನು ಕಿವಿಯ ಕಡೆಗೆ ಎತ್ತಿ, ಹಾಗೇ ಹಿಡಿದುಕೊಂಡು ಬೆಲ್ಟನ್ನು ಮೂಳೆಯ ಅಂಚಿನ ಮೇಲೆ ಬಿಗಿ ಮಾಡಿ, ಆಮೇಲೆ ಹೆಗಲು ಇಳಿಸಿ. ಅಷ್ಟಾದ ಮೇಲೆ ಹೆಗಲ ಪಟ್ಟಿಯನ್ನು ಮೈಗೆ ತಾಗುವಷ್ಟು ಮಾತ್ರ ಎಳೆಯಿರಿ. ಹೆಗಲ ಮೇಲಿಂದ ಬ್ಯಾಗಿನ ತುದಿಗೆ ಹೋಗುವ ಸಣ್ಣ ಪಟ್ಟಿಗಳಿದ್ದರೆ ಸ್ವಲ್ಪ ಎಳೆಯಿರಿ, ಎದೆ ಪಟ್ಟಿ ಕೊನೆಗೆ. ಹೆಚ್ಚಿನವರು ಹೆಗಲ ಪಟ್ಟಿಯನ್ನು ಮೊದಲು ಎಳೆದುಬಿಡುತ್ತಾರೆ. ಆಗ ಬ್ಯಾಗು ಮೇಲಕ್ಕೇರುತ್ತದೆ, ಬೆಲ್ಟ್ ಹೊಟ್ಟೆಯ ಮೇಲೆ ಬರುತ್ತದೆ.

ಈಗ ಹೆಗಲ ಪಟ್ಟಿಯ ಕೆಳಗೆ ಅಂಗೈ ತೂರಿಸಿ ನೋಡಿ. ಒತ್ತಡವಿಲ್ಲದೆ ಹೋದರೆ ಭಾರ ಸೊಂಟಕ್ಕೆ ಇಳಿದಿದೆ. ಪಟ್ಟಿಯೇ ಹೆಗಲನ್ನು ಬಿಟ್ಟು ಮೇಲೆದ್ದು ನಿಂತಿದ್ದರೆ ಬ್ಯಾಗಿನ ಬೆನ್ನು ಇನ್ನೂ ಉದ್ದ ಇದೆ. ಒಂದು ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ, ತೊಡೆ ಬೆಲ್ಟಿಗೆ ಬಡಿದರೆ ಬೆಲ್ಟ್ ಕೆಳಗಿದೆ. ಆಮೇಲೆ ಮೆಟ್ಟಿಲು ಸೇರಿಸಿ ಇಪ್ಪತ್ತು ನಿಮಿಷ ನಡೆಯಿರಿ. ಬೆಲ್ಟ್ ಒಂದು ಬೆರಳಿನಷ್ಟು ಇಳಿದರೆ ಪರವಾಗಿಲ್ಲ, ಮೆತ್ತೆ ಮೈಗೆ ಹೊಂದಿಕೊಳ್ಳುವಾಗ ಹಾಗಾಗುತ್ತದೆ, ಮತ್ತೊಮ್ಮೆ ಎಳೆದುಕೊಳ್ಳಿ. ಎಳೆದಷ್ಟೂ ಇಳಿಯುತ್ತಾ ಹೋದರೆ ಆಕಾರ ಹೊಂದುತ್ತಿಲ್ಲ. ದಾರಿಯಲ್ಲೂ ನೀರು ಖಾಲಿಯಾದ ಹಾಗೆ ಬ್ಯಾಗ್ ಸಡಿಲವಾಗುತ್ತದೆ, ಪ್ರತಿ ಸಲ ನೀರು ಕುಡಿದು ಹೊರಡುವಾಗ ಬೆಲ್ಟಿಗೂ ಬದಿಯ ಪಟ್ಟಿಗೂ ಒಂದು ಸಲ ಕೈ ಹಾಕಿ.

ತೊಡೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಬ್ಯಾಗ್ ಇಳಿಸಿದ ಮೇಲೆ ಜೋಮು ಅವತ್ತೇ ಹೋಗುತ್ತಿದ್ದರೆ, ಬೆಲ್ಟನ್ನು ಸರಿಯಾದ ಜಾಗಕ್ಕೆ ತಂದ ಮೇಲೆ ಅದು ಬರುವುದು ನಿಲ್ಲಬೇಕು. ಬ್ಯಾಗೇ ಹಾಕದ ದಿನಗಳಲ್ಲೂ ಮರಗಟ್ಟಿದ ಹಾಗಿದ್ದರೆ, ಉರಿ ಇದ್ದರೆ, ಕಾಲಿನಲ್ಲೋ ಕೈಯಲ್ಲೋ ಶಕ್ತಿ ಕಡಿಮೆಯಾದಂತೆ ಅನಿಸಿದರೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಬಿಗಿ ಬೆಲ್ಟ್, ಬಿಗಿ ಪ್ಯಾಂಟ್ ಎರಡೂ ಬೇಡ, ಮುಂದಿನ ಟ್ರೆಕ್‌ನಲ್ಲಿ ನೀರು ಬೇರೆಯವರ ಬ್ಯಾಗಿನಲ್ಲಿರಲಿ.